ಚನ್ನಗಿರಿಯಲ್ಲಿ ಉಚಿತ ಕಣ್ಣಿನ ಶಿಬಿರ: ಪ್ರಕಟಣೆ ಪ್ರೆಸ್ಸಿಗೆ ಹೋಗೋ ಮುಂಚೆ ಒಮ್ಮೆ ಓದಿ ಹೇಳಿ

ಮಂಜು ಚನ್ನಗಿರಿ

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಹುಡುಗರೆಲ್ಲ ಸೇರಿ ಮುಂದಿನ ಭಾನುವಾರ ಕಣ್ಣಿನ ಶಿಬಿರ ಇಟ್ಟುಕೊಂಡಿದ್ದೀವಿ. ದಾವಣಗೆರೆಯ ಆಸ್ಪತ್ರೆಯೊಂದರವರು ಬಂದು ನೋಡ್ತಾರೆ. ಪೊರೆ ಇದ್ದವರನ್ನ ಅವತ್ತೇ ಅವರ ಬಸ್ಸಲ್ಲಿ ಕರಕೊಂಡು ಹೋಗಿ, ಆಪರೇಷನ್ ಮಾಡಿ, ವಾಪಸ್ ತಂದು ಬಿಡ್ತಾರೆ. ನಾಳೆ ಸಂಜೆ ಕರಪತ್ರ ಪ್ರೆಸ್ಸಿಗೆ ಕೊಡಬೇಕು. ಆಟೋದಲ್ಲಿ ಮೈಕ್ ಕಟ್ಟಿ ಹಳ್ಳಿಗಳಲ್ಲಿ ಕೂಗೋದೂ ಇದೇ ಒಕ್ಕಣೆ. ನೋಡಿ:

> ಉಚಿತ ಆರೋಗ್ಯ ಶಿಬಿರ
> ಕಣ್ಣಿನ ತಪಾಸಣೆ ಮತ್ತು ಶಸ್ತ್ರಚಿಕಿತ್ಸೆ
> ಸ್ಥಳ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಚನ್ನಗಿರಿ
> ಸಮಯ: ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1
> ಕಣ್ಣಿನ ತೊಂದರೆ ಇರುವ ಎಲ್ಲರೂ ಬರಬಹುದು. ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದು. ಆಧಾರ್ ಮತ್ತು ರೇಷನ್ ಕಾರ್ಡ್ ಜೆರಾಕ್ಸ್ ಕಡ್ಡಾಯ. ಸಾರ್ವಜನಿಕರು ಸದುಪಯೋಗ ಪಡೆದುಕೊಳ್ಳಬೇಕಾಗಿ ವಿನಂತಿ.

ಏನಾದ್ರೂ ಬಿಟ್ಟುಹೋಗಿದ್ರೆ ಹೇಳಿ.

ಅಡಿಕೆ ತೋಟ

ಚೆನ್ನಾಗಿದೆ ಮಂಜಣ್ಣ. ಸಮಯ ಮಾತ್ರ 8 ಗಂಟೆ ಅಂತ ಹಾಕು. 9 ಅಂದ್ರೆ ನಮ್ಮ ಜನ 11ಕ್ಕೆ ಬರ್ತಾರೆ.

ಗೌರಮ್ಮನ ಮೊಮ್ಮಗ

ಮಂಡಿ ನೋವಿಗೂ ಮಾತ್ರೆ ಕೊಡ್ತಾರಾ ಸಾರ್? ನಮ್ಮ ಅಜ್ಜಿಗೆ ಕೂತರೆ ಏಳೋಕಾಗಲ್ಲ. ಉಚಿತ ಆರೋಗ್ಯ ಶಿಬಿರ ಅಂತ ಇದೆಯಲ್ಲ, ಅದಕ್ಕೆ ಕೇಳಿದೆ.

ಮಂಜು ಚನ್ನಗಿರಿ

ಇಲ್ಲ ಮಾರಾಯ, ಕಣ್ಣು ಮಾತ್ರ.

ಹಳೇ ಟಾರ್ಚು

ಆ ಹುಡುಗ ಕೇಳಿದ್ದು ಸರಿಯಾಗೇ ಇದೆ ಮಂಜು. ಮೇಲೆ ದೊಡ್ಡಕ್ಷರದಲ್ಲಿ ಉಚಿತ ಆರೋಗ್ಯ ಶಿಬಿರ ಅಂತ ಹಾಕಿದರೆ ಮಂಡಿ ನೋವು, ಕೆಮ್ಮು, ಗ್ಯಾಸ್ಟ್ರಿಕ್ ಎಲ್ಲರೂ ಬಂದು ಸಾಲಲ್ಲಿ ನಿಲ್ಲುತ್ತಾರೆ. ಕಣ್ಣು ಕಾಣದ ಅಜ್ಜಿ ಅವರ ಹಿಂದೆ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂರಬೇಕಾಗುತ್ತದೆ. ಆರೋಗ್ಯ ಶಿಬಿರ ಅನ್ನೋದನ್ನೇ ತೆಗೆದುಬಿಡಿ. ‘ಕಣ್ಣಿನ ಪೊರೆ ತಪಾಸಣೆ’ ಅಂತ ಮೊದಲ ಸಾಲಲ್ಲೇ ಬರಲಿ.

ನಾನು ನೇತ್ರಾಧಿಕಾರಿಯಾಗಿ ಸರ್ಕಾರಿ ಆಸ್ಪತ್ರೆಯಲ್ಲಿದ್ದು ನಿವೃತ್ತನಾದವನು. ಇಂಥ ಶಿಬಿರಗಳಲ್ಲಿ ಟಾರ್ಚು ಹಿಡಿದುಕೊಂಡೇ ತಲೆ ಬೆಳ್ಳಗಾಗಿದೆ. ಅದಕ್ಕೇ ಒಂದು ಮಾತು ಖಡಾಖಂಡಿತವಾಗಿ ಹೇಳ್ತೀನಿ: ‘ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದು’ ಅನ್ನೋ ಸಾಲು ಯಾವ ಕಾರಣಕ್ಕೂ ಇರಬಾರದು. ಅದೆಲ್ಲಿಂದ ಬಂತು?

ಮಂಜು ಚನ್ನಗಿರಿ

ಹಿಂದೆ ಇನ್ಯಾರೋ ಶುಗರ್ ಶಿಬಿರ ಮಾಡಿದ್ದರು ಸಾರ್. ಪ್ರೆಸ್ಸಿನವರ ಹತ್ತಿರ ಆ ಮ್ಯಾಟರ್ ಇತ್ತು. ಅದನ್ನೇ ತಿದ್ದಿಕೊಟ್ಟರು.

ಸೂಳೆಕೆರೆ ಬಸಣ್ಣ

ಆಪರೇಷನ್ ಅಂದ ಮೇಲೆ ಖಾಲಿ ಹೊಟ್ಟೆಯಲ್ಲೇ ಬರಬೇಕಲ್ಲವೇ? ನನ್ನ ಹರ್ನಿಯಾ ಆಪರೇಷನ್ನಿಗೆ ರಾತ್ರಿಯಿಂದ ನೀರು ಕೂಡ ಕೊಡಲಿಲ್ಲ. ಆ ಸಾಲು ಇರಲಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು. ಪೊರೆ ಪೂರ್ತಿ ಮಾಗಿದವರು ಮಾತ್ರ ಬರಲಿ ಅಂತ ಬರೆಯಿರಿ. ಅರ್ಧ ಮಾಗಿದ್ದನ್ನು ತೆಗೆದರೆ ಮತ್ತೆ ಬೆಳೆಯುತ್ತದೆ. ನಮ್ಮ ತಂದೆಯವರ ಕಾಲದಿಂದ ಕೇಳಿಕೊಂಡು ಬಂದದ್ದು.

ಶಾರದಾ ದಾವಣಗೆರೆ

ಖಾಲಿ ಹೊಟ್ಟೆ ವಿಷಯಕ್ಕೆ ನಮ್ಮ ಮನೆಯಲ್ಲಿ ಆದದ್ದು ಹೇಳ್ತೀನಿ ಕೇಳಿ. ನಮ್ಮ ಅತ್ತೆಗೆ ಎರಡೂ ಕಣ್ಣಲ್ಲಿ ಪೊರೆ, ಶುಗರ್ ಬೇರೆ ಹಳೆಯದು. ಹೋದ ಬೇಸಿಗೆಯಲ್ಲಿ ಬೇರೆ ಊರಿನ ಒಂದು ಶಿಬಿರಕ್ಕೆ ಕರಕೊಂಡು ಹೋಗಿದ್ವಿ. ಊಟ ಮಾಡದೆ ಬನ್ನಿ ಅಂತ ಯಾರೋ ಹೇಳಿದ್ದಕ್ಕೆ ಬೆಳಿಗ್ಗೆ ತಿಂಡಿ ಬಿಟ್ಟರು. ತಿಂಡಿ ತಿನ್ನದೆ ಮಾತ್ರೆ ತಗೋಬಾರದು ಅಂತ ಮಾತ್ರೆಯನ್ನೂ ಬಿಟ್ಟರು. ಸಾಲು ಕರಗಲೇ ಇಲ್ಲ. ಹನ್ನೊಂದರ ಹೊತ್ತಿಗೆ ಕೈ ನಡುಗೋಕೆ ಶುರುವಾಯ್ತು, ಬೆವರು ಬೇರೆ. ಪಕ್ಕದಲ್ಲಿ ಕೂತಿದ್ದವರು ಪಾಪ ಅಂತ ಎರಡು ಬಾಳೆಹಣ್ಣು, ಸಕ್ಕರೆ ಹಾಕಿದ ಚಹಾ ಕೊಟ್ಟರು. ಆಮೇಲೆ ಒಳಗೆ ಹೋಗಿ ಬೆರಳು ಚುಚ್ಚಿ ನೋಡಿದ್ರೆ 310! ‘ಶುಗರ್ ಜಾಸ್ತಿ ಇದೆ, ಕಡಿಮೆ ಮಾಡಿಕೊಂಡು ಬನ್ನಿ’ ಅಂತ ಚೀಟಿ ಬರೆದು ಕಳಿಸಿದರು. ಬಟ್ಟೆ ಗಂಟು ಕಟ್ಟಿಕೊಂಡು ಹೋದವರು ಹಾಗೇ ವಾಪಸ್. ‘ನನ್ನ ಹಣೆಬರಹದಲ್ಲಿ ಕಣ್ಣಿಲ್ಲ ಬಿಡೇ’ ಅಂತ ಬೇಜಾರಾದವರು ಇವತ್ತಿಗೂ ಮತ್ತೆ ಹೋಗೋಣ ಅಂದ್ರೆ ಒಪ್ಪಲ್ಲ.

ಹಳೇ ಟಾರ್ಚು

ಶಾರದಮ್ಮ, ನಿಮ್ಮ ಅತ್ತೆಯವರ ಕಥೆ ಪ್ರತಿ ಶಿಬಿರದಲ್ಲೂ ನಡೆಯೋದೇ. ಬಸಣ್ಣನವರೇ, ನೀವೂ ಕೇಳಿ.

ಶಿಬಿರದ ದಿನ ಯಾರಿಗೂ ಆಪರೇಷನ್ ಆಗೋದಿಲ್ಲ. ಅವತ್ತು ಬರೀ ಆರಿಸೋದು. ಆಪರೇಷನ್ ಮಾರನೇ ದಿನವೋ ಅದರ ಮಾರನೇ ದಿನವೋ ಆಸ್ಪತ್ರೆಯಲ್ಲಿ. ಹರ್ನಿಯಾಕ್ಕೆ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟೋ ಪೂರ್ತಿ ಮಂಪರು ಬರಿಸಿಯೋ ಮಾಡುತ್ತಾರೆ. ಪೊರೆಗೆ ಸಾಮಾನ್ಯವಾಗಿ ಕಣ್ಣಿನ ಪಕ್ಕ ಒಂದು ಇಂಜೆಕ್ಷನ್, ಅಷ್ಟೇ. ರೋಗಿಗೆ ಎಚ್ಚರ ಇರುತ್ತದೆ, ಡಾಕ್ಟರ ಮಾತೂ ಕೇಳುತ್ತದೆ. ಆ ದಿನ ಏನು ತಿನ್ನಬೇಕು, ಯಾವಾಗ ತಿನ್ನಬೇಕು ಅನ್ನೋದನ್ನ ಆಸ್ಪತ್ರೆಯವರೇ ಹೇಳುತ್ತಾರೆ. ಶಿಬಿರಕ್ಕೆ ಬರುವವರು ತಿಂಡಿ ತಿಂದು, ಶುಗರ್, ಬಿಪಿ ಮಾತ್ರೆಯನ್ನ ದಿನದಂತೆ ನುಂಗಿ ಬರಬೇಕು. ಅಲ್ಲಿ ನೋಡೋದು ಫಾಸ್ಟಿಂಗ್ ಶುಗರ್ ಅಲ್ಲ, ಆ ಹೊತ್ತಿಗೆ ಎಷ್ಟಿದೆಯೋ ಅದನ್ನ. ತಿಂಡಿಯನ್ನೋ ಮಾತ್ರೆಯನ್ನೋ ಬಿಟ್ಟು ಬಂದವರ ಬಿಪಿ ಏರಿರುತ್ತದೆ, ಶುಗರ್ ಏರಿರುತ್ತದೆ ಇಲ್ಲವೇ ಪಾತಾಳಕ್ಕೆ ಇಳಿದಿರುತ್ತದೆ. ಎರಡರಲ್ಲೂ ಬಸ್ಸು ಹತ್ತಿಸೋಕಾಗಲ್ಲ.

310 ಅಂದರೆ ಯಾವ ಡಾಕ್ಟರೂ ಕೈ ಹಾಕಲ್ಲ. 200ರ ಆಸುಪಾಸು ಇದ್ದರೆ ಹಲವರು ಒಪ್ಪುತ್ತಾರೆ, ಇದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಶುಗರ್ ಹಾಗೇ ಇದ್ದಾಗ ಕಣ್ಣು ಕೊಯ್ದರೆ ಗಾಯಕ್ಕೆ ಸೋಂಕು ತಗಲುವ ಭಯ. ನಿಮ್ಮ ಅತ್ತೆಯವರನ್ನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇವತ್ತೇ ಕರೆದುಕೊಂಡು ಹೋಗಿ. ಆ ಚೀಟಿ ತೋರಿಸಿ, ಕಣ್ಣಿನ ಆಪರೇಷನ್ ಇದೆ, ಶುಗರ್ ಹಿಡಿತಕ್ಕೆ ಬರಬೇಕು ಅನ್ನಿ. ಮಾತ್ರೆ ಬದಲಿಸಬೇಕಾದರೆ ಬದಲಿಸುತ್ತಾರೆ. ಎರಡು ಮೂರು ವಾರದಲ್ಲಿ ಇಳಿದರೆ ಶಿಬಿರಕ್ಕೆ ಕಾಯಬೇಕಾಗಿಲ್ಲ, ಅದೇ ಚೀಟಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಬಹುದು. ಹಣೆಬರಹ ಅಲ್ಲ ಅಂತ ಅವರಿಗೆ ಹೇಳಿ, ತಪ್ಪಿದ ತಿಂಡಿ ಅಷ್ಟೇ.

ಶಾರದಾ ದಾವಣಗೆರೆ

ಇದನ್ನ ಅವರಿಗೇ ಓದಿ ಹೇಳ್ತೀನಿ ಸಾರ್. ನಾನು ಹೇಳಿದ್ರೆ ಕೇಳಲ್ಲ, ಬೇರೆಯವರು ಹೇಳಿದ್ರೆ ಕೇಳ್ತಾರೆ.

ಸೂಳೆಕೆರೆ ಬಸಣ್ಣ

ತಿಂಡಿ ವಿಷಯ ಒಪ್ಪಿದೆ. ಮಾಗುವ ವಿಷಯಕ್ಕೆ ಉತ್ತರ ಬರಲಿಲ್ಲ.

ಹಳೇ ಟಾರ್ಚು

ನಿಮ್ಮ ತಂದೆಯವರ ಕಾಲಕ್ಕೆ ಅದು ಸರಿಯೇ ಇತ್ತು ಬಸಣ್ಣನವರೇ. ಬೀಳಗಿಯ ಡಾ. ಎಂ.ಸಿ. ಮೋದಿಯವರ ಕಾಲದ ಶಿಬಿರ ನಿಮಗೆ ನೆನಪಿರಬಹುದು. ಶಾಲೆಯಲ್ಲಿ, ಛತ್ರದಲ್ಲಿ ಸಾಲುಸಾಲಾಗಿ ಮಲಗಿಸಿ ಒಂದೇ ದಿನದಲ್ಲಿ ನೂರಾರು ಜನಕ್ಕೆ ಪೊರೆ ತೆಗೆಯುತ್ತಿದ್ದರು. ಆಗ ಕಣ್ಣಿನೊಳಗಿನ ಮಸೂರವನ್ನೇ ಇಡಿಯಾಗಿ ತೆಗೆಯೋದು, ಅದರ ಬದಲಿಗೆ ಒಳಗೆ ಏನೂ ಇಡ್ತಿರಲಿಲ್ಲ. ಅದಕ್ಕೇ ಆಮೇಲೆ ಪ್ಲಸ್ ಹತ್ತರ ದಪ್ಪ ಸೋಡಾಗ್ಲಾಸು ಕನ್ನಡಕ. ಆ ಕನ್ನಡಕ ಹಾಕಿದರೆ ಎದುರಿನದು ಮಾತ್ರ ದೊಡ್ಡದಾಗಿ ಕಾಣುತ್ತದೆ, ಪಕ್ಕದ್ದು ಕಾಣೋದಿಲ್ಲ. ಲೋಟ ಹಿಡಿಯೋಕೆ ಹೋದರೆ ಕೈ ಇನ್ನೆಲ್ಲೋ ಹೋಗುತ್ತಿತ್ತು. ಇಷ್ಟು ಫಜೀತಿಗೆ ಬೀಳಬೇಕಾದರೆ ಕಣ್ಣು ಪೂರ್ತಿ ಮುಚ್ಚಿಹೋದ ಮೇಲೇ ಬೀಳೋದು ವಾಸಿ ಅಂತ ಡಾಕ್ಟರೇ ಕಾಯಿಸುತ್ತಿದ್ದರು.

ಈಗ ಅದೇ ಜಾಗದಲ್ಲಿ ಲೆನ್ಸ್ ಕೂರಿಸುತ್ತಾರೆ. ಆಪರೇಷನ್ನಿಗೆ ಮುಂಚೆ ಕಣ್ಣಿನ ಉದ್ದ ಅಳೆದು, ಇವರಿಗೆ ಇಷ್ಟು ಪವರಿನ ಲೆನ್ಸು ಅಂತ ಲೆಕ್ಕ ಹಾಕಿರುತ್ತಾರೆ. ಹಾಗಾಗಿ ಕಾಯುವ ಕಾರಣವೇ ಹೋಯಿತು. ಕಾದರೆ ನಷ್ಟವೇ. ತೀರಾ ಮಾಗಿದ ಪೊರೆ ಗಟ್ಟಿಯಾಗಿ ತೆಗೆಯೋದು ಕಷ್ಟ. ಕೆಲವರಿಗೆ ಅದು ಊದಿಕೊಂಡು ಅಥವಾ ಸೋರಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ ಬರುತ್ತಾರೆ. ಆಗ ಆಪರೇಷನ್ ಮಾಡಿದರೂ ನರ ಹೋಗಿದ್ದರೆ ದೃಷ್ಟಿ ಬರಲ್ಲ.

ಮತ್ತೆ ಬೆಳೆಯುತ್ತದೆ ಅನ್ನೋದೂ ಪೂರ್ತಿ ಸುಳ್ಳಲ್ಲ. ಪೊರೆ ಮತ್ತೆ ಬರಲ್ಲ. ಆದರೆ ಲೆನ್ಸಿನ ಹಿಂದೆ ಉಳಿಸಿರುವ ತೆಳು ಚೀಲ ಕೆಲವರಿಗೆ ತಿಂಗಳು, ವರ್ಷಗಳ ಮೇಲೆ ಮಬ್ಬಾಗುತ್ತದೆ. ಅದಕ್ಕೆ ಲೇಸರ್ ಇದೆ, ಕೂತಲ್ಲೇ ಕೆಲವು ನಿಮಿಷದ ಕೆಲಸ. ಪೊರೆ ಮಾಗಿತ್ತೋ ಇಲ್ಲವೋ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಸೂಳೆಕೆರೆ ಬಸಣ್ಣ

ಸೋಡಾಗ್ಲಾಸು ಕನ್ನಡಕ ನಮ್ಮ ತಂದೆಯವರಿಗೂ ಇತ್ತು. ಮೂಗಿನ ಮೇಲೆ ಗಾಯ ಆಗೋದು ಅಂತ ದಾರ ಕಟ್ಟಿ ತಲೆ ಹಿಂದೆ ಬಿಗಿದುಕೊಳ್ಳುತ್ತಿದ್ದರು. ಸರಿ ಸಾರ್. ಆದರೂ ಬೇಸಿಗೆಯಲ್ಲಿ ಮಾಡಿಸಬಾರದು, ಚಳಿಗಾಲದಲ್ಲೇ ಮಾಡಿಸಬೇಕು ಅನ್ನೋದನ್ನ ನಾನು ಬಿಡಲ್ಲ.

ಹಳೇ ಟಾರ್ಚು

ಅದನ್ನ ಬಿಡಿಸೋಕೆ ನನ್ನ ಸರ್ವಿಸ್ ಪೂರ್ತಿ ಸಾಲಲಿಲ್ಲ. ಇಟ್ಟುಕೊಳ್ಳಿ.

ಗದಗಿನ ಗಿರಿಜಾ

ನಾ ಈಗ ಬೆಂಗಳೂರಾಗ ಇರ್ತೀನ್ರೀ. ನಮ್ಮವ್ವ ಊರಾಗ ಅದಾಳ. ‘ಕಣ್ಣಿನ ತೊಂದರೆ ಇರುವ ಎಲ್ಲರೂ ಬರಬಹುದು’ ಅಂತ ಬರದೀರಲ್ಲ, ನಮ್ಮವ್ವನ ಕೇಳಿದ್ರ ‘ನನಗೇನೂ ತೊಂದರಿ ಇಲ್ಲವಾ, ವಯಸ್ಸಾತು ಅಷ್ಟ’ ಅಂತಾಳ. ಅಕ್ಕಿಯೊಳಗಿನ ಹಳ್ಳು ಕಾಣೂದಿಲ್ಲ, ಸೂಜಿಗೆ ದಾರ ಪೋಣಸಾಕ ಆಗೂದಿಲ್ಲ, ಸಂಜಿಗೆ ಬೈಕಿನ ಲೈಟ್ ಬಿದ್ರ ನಿಂತ ಬಿಡ್ತಾಳ. ಅದು ತೊಂದರಿ ಅಂತ ಆಕಿಗೆ ಅನಸೂದs ಇಲ್ಲ. ಯಾರು ಬರಬೇಕು ಅನ್ನೂದನ್ನ ಹಿಂಗ ಬಿಡಿಸಿ ಬರದ್ರ ಛಲೋ ಆಗ್ತದ.

ಹಳೇ ಟಾರ್ಚು

ಗಿರಿಜಮ್ಮ, ನೂರಕ್ಕೆ ನೂರು. ಮಂಜು, ಇದನ್ನ ಹಾಕಲೇಬೇಕು. ಐವತ್ತು ದಾಟಿದವರು ಮನೆಯಲ್ಲೇ ಹೀಗೆ ನೋಡಿಕೊಳ್ಳಲಿ: ಕನ್ನಡಕ ಇದ್ದರೆ ಹಾಕಿಕೊಂಡು, ಒಂದು ಕಣ್ಣನ್ನ ಅಂಗೈಯಿಂದ ಒತ್ತದೆ ಮುಚ್ಚಿಕೊಳ್ಳಬೇಕು. ಮನೆಯವರು ನಾಲ್ಕು ದೊಡ್ಡ ಹೆಜ್ಜೆ ದೂರ, ಅಂದರೆ ಸುಮಾರು ಮೂರು ಮೀಟರ್, ಬೆಳಕಲ್ಲಿ ನಿಂತು ಬೆರಳು ತೋರಿಸಬೇಕು. ಎಷ್ಟು ಬೆರಳು ಅಂತ ಹೇಳೋಕಾಗದಿದ್ದರೆ ದೃಷ್ಟಿ ಬಹಳ ಇಳಿದಿದೆ ಅಂತ ಅರ್ಥ. ಬಂದೇ ಬರಬೇಕು. ಆಮೇಲೆ ಇನ್ನೊಂದು ಕಣ್ಣು. ಒಂದೊಂದೇ ಮುಚ್ಚಿ ನೋಡೋದು ಮುಖ್ಯ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಪೂರ್ತಿ ಹೋಗಿದ್ದರೂ ವರ್ಷಗಟ್ಟಲೆ ಗೊತ್ತೇ ಆಗಲ್ಲ. ಬೆರಳು ಎಣಿಸಿದವರೂ ಗಿರಿಜಮ್ಮನವರ ತಾಯಿಯ ಹಾಗೆ ಅಕ್ಕಿ, ಸೂಜಿ, ಎದುರಿನ ಲೈಟಿನ ತೊಂದರೆ ಇದ್ದರೆ ಬರಲಿ. ಕಣ್ಣ ಪಾಪೆ ಬೂದಿಯೋ ಬಿಳಿಯೋ ಆಗಿ ಕಂಡರೂ ಬರಲಿ.

ಯಾರು ಶಿಬಿರಕ್ಕೆ ಕಾಯಬಾರದು ಅನ್ನೋದನ್ನೂ ಬರೆಯಿರಿ. ಪೊರೆ ನಿಧಾನದ್ದು, ತಿಂಗಳು ವರ್ಷದಲ್ಲಿ ಮಬ್ಬಾಗುತ್ತದೆ, ನೋವು ಇರಲ್ಲ. ನಿನ್ನೆ ಕಾಣುತ್ತಿದ್ದದ್ದು ಇವತ್ತು ಕಾಣಲಿಲ್ಲ ಅಂದರೆ, ನೋವು, ಕೆಂಪು, ವಾಂತಿ ಇದ್ದರೆ, ಕಣ್ಣಿಗೆ ಭತ್ತದ ಸುಂಕೋ ಅಡಿಕೆ ಸಿಪ್ಪೆಯೋ ಹೊಡೆದಿದ್ದರೆ, ಕಣ್ಣೊಳಗೆ ಮಿಂಚು ಹೊಡೆದ ಹಾಗಾಗಿ ಕಪ್ಪು ಚುಕ್ಕೆ ಸುರಿದರೆ ಭಾನುವಾರ ಬರಲಿ ಅಂತ ಕೂರಬಾರದು. ಅದೇ ದಿನ ಆಸ್ಪತ್ರೆ.

ಪಾಟೀಲ ಮಾಸ್ತರು

ನಮ್ಮ ಎರಡನೇ ತರಗತಿಯಲ್ಲಿ ಒಬ್ಬ ಹುಡುಗ ಬೋರ್ಡು ಕಾಣಲ್ಲ ಅಂತ ಮುಂದೆ ಬಂದು ನಿಲ್ಲುತ್ತಾನೆ. ಅವನನ್ನೂ ಕಳಿಸಲೇ?

ಹಳೇ ಟಾರ್ಚು

ಕಳಿಸಿದರೆ ನೋಡುತ್ತಾರೆ ಮಾಸ್ತರೇ, ಆದರೆ ಅವನಿಗೆ ಇದು ಸರಿಯಾದ ಜಾಗ ಅಲ್ಲ. ಚಿಕ್ಕ ಮಕ್ಕಳು ಕಣ್ಣನ್ನ ಬಿಗಿಹಿಡಿದು ನೋಡುತ್ತಾರೆ. ಅವರಿಗೆ ಬೇರೆ ಡ್ರಾಪ್ಸ್ ಹಾಕಿ, ಆ ಬಿಗಿ ಸಡಿಲಿಸಿ ನಂಬರು ತೆಗೀಬೇಕು. ಇಷ್ಟು ಗದ್ದಲದಲ್ಲಿ ಅದು ಆಗಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ ಇರುವ ದಿನ ವಿಚಾರಿಸಿ ತಂದೆ ತಾಯಿ ಜೊತೆ ಕಳಿಸಿ. ತಡ ಮಾಡಬೇಡಿ, ಎಳೆ ವಯಸ್ಸಲ್ಲಿ ಒಂದು ಕಣ್ಣು ಸೋಮಾರಿಯಾದರೆ ಆಮೇಲೆ ಸರಿ ಮಾಡೋದು ಕಷ್ಟ.

ಅಡಿಕೆ ತೋಟ

ಏನು ತರಬೇಕು ಅನ್ನೋದಕ್ಕೆ ಬನ್ನಿ. ಆಧಾರ್ ಜೆರಾಕ್ಸ್ ಅಂತ ಇದೆ. ಒರಿಜಿನಲ್ ಬೇಡವಾ? ಎಪಿಎಲ್ ಕಾರ್ಡಿನವರು ಬರಬಹುದಾ?

ಮಂಜು ಚನ್ನಗಿರಿ

ಆಧಾರ್ ಒರಿಜಿನಲ್ ಮತ್ತೆ ಜೆರಾಕ್ಸ್ ಎರಡೂ ಅಂದಿದ್ದಾರೆ. ಒಂದು ಮೊಬೈಲ್ ನಂಬರೂ ಬೇಕಂತೆ. ಎಪಿಎಲ್ ಬಗ್ಗೆ ಕೇಳಿದರೆ ‘ತಪಾಸಣೆ ಎಲ್ಲರಿಗೂ, ಆಪರೇಷನ್ ಬಂದ ಮೇಲೆ ನೋಡೋಣ’ ಅಂದರು. ಖಚಿತವಾಗಿ ಹೇಳಲಿಲ್ಲ.

ಹಳೇ ಟಾರ್ಚು

ಆ ಉತ್ತರ ಮುಂಚೆಯೇ ಬರಹದಲ್ಲಿ ತಗೊಳ್ಳಿ. ಬಸ್ಸು ಹತ್ತಿದ ಮೇಲೆ ಇಳಿಸಿದರೆ ಬೈಗುಳ ನಿಮಗೆ ಬರುತ್ತದೆ, ಅವರಿಗಲ್ಲ. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಿಂದ ಒಂದೊಂದು ಆಪರೇಷನ್ನಿಗೆ ಇಷ್ಟು ಅಂತ ಆಸ್ಪತ್ರೆಗೆ ಸಹಾಯಧನ ಬರುತ್ತದೆ. ಗುರುತಿನ ದಾಖಲೆ, ಫೋನ್ ನಂಬರು ಕೇಳೋದು ಹೆಚ್ಚಾಗಿ ಆ ಲೆಕ್ಕಕ್ಕೆ, ಮತ್ತೆ ಆಮೇಲೆ ವಿಚಾರಿಸೋದಕ್ಕೆ.

ನನ್ನ ಪ್ರಕಾರ ಆಧಾರಿಗಿಂತ ದೊಡ್ಡದು ಮಾತ್ರೆ ಚೀಲ. ಆಧಾರ್ ಮರೆತರೆ ಮಗ ಮೊಬೈಲಲ್ಲಿ ಫೋಟೋ ಕಳಿಸುತ್ತಾನೆ. ‘ಏನು ಮಾತ್ರೆ ತಗೋತೀಯಜ್ಜ?’ ಅಂದರೆ ‘ಬಿಳೀದೊಂದು, ಕೆಂಪುದೊಂದು’ ಅಂತಾರೆ. ಅದರಿಂದ ಏನು ತಿಳಿಯುತ್ತದೆ? ಮನೆಯಲ್ಲಿ ನುಂಗುವ ಎಲ್ಲ ಮಾತ್ರೆಯ ಸ್ಟ್ರಿಪ್ಪು, ಹಳೇ ಚೀಟಿ, ಕಣ್ಣಿಗೆ ಹಾಕುತ್ತಿರುವ ಡ್ರಾಪ್ಸ್, ಎಲ್ಲವನ್ನೂ ಒಂದು ಚೀಲಕ್ಕೆ ಸುರಿದು ತರಬೇಕು. ಮುಖ್ಯವಾಗಿ ಗಂಡಸರು ಮೂತ್ರ ಕಟ್ಟುತ್ತದೆ ಅಂತ ತಗೊಳ್ಳುವ ಮಾತ್ರೆ. ಪ್ರಾಸ್ಟೇಟಿಗೆ ಟಾಮ್ಸುಲೋಸಿನ್ ಅಂತ ಕೊಡುತ್ತಾರೆ. ಕಣ್ಣಿಗೂ ಅದಕ್ಕೂ ಏನು ಸಂಬಂಧ ಅಂತ ಯಾರೂ ಹೇಳೋದೇ ಇಲ್ಲ. ಅದನ್ನ ತಗೊಳ್ಳುವವರಿಗೆ ಆಪರೇಷನ್ ಮಾಡುವಾಗ ಕಣ್ಣ ಪಾಪೆ ಅಗಲವಾಗಿ ನಿಲ್ಲಲ್ಲ, ಸುತ್ತಲಿನ ಪರದೆ ಸಡಿಲವಾಗಿ ಪಟಪಟ ಅಂತ ಆಡುತ್ತದೆ. ಮುಂಚೆ ಗೊತ್ತಿದ್ದರೆ ಡಾಕ್ಟರು ತಯಾರಿ ಮಾಡಿಕೊಂಡು ಸಲೀಸಾಗಿ ಮುಗಿಸುತ್ತಾರೆ. ಗೊತ್ತಿಲ್ಲದಿದ್ದರೆ ನಡುವೆ ಒದ್ದಾಟ. ಹಾಗಂತ ಆ ಮಾತ್ರೆ ನಿಲ್ಲಿಸಿ ಬರಬಾರದು. ನಿಲ್ಲಿಸಿದರೂ ಅದರ ಪರಿಣಾಮ ಬೇಗ ಹೋಗಲ್ಲ, ಮೂತ್ರ ಕಟ್ಟಿಕೊಂಡರೆ ಅದು ಬೇರೆ ಪಜೀತಿ. ತೋರಿಸಿದರೆ ಸಾಕು.

ಸೂಳೆಕೆರೆ ಬಸಣ್ಣ

ನಾನು ಆ ಮಾತ್ರೆ ತಗೋತೀನಿ. ಕಣ್ಣಿನ ವಿಷಯ ಇವತ್ತೇ ಕೇಳಿದ್ದು.

ರಕ್ತ ತೆಳು ಮಾಡೋ ಮಾತ್ರೆ ಐದು ದಿನ ಮುಂಚೆ ನಿಲ್ಲಿಸಬೇಕಲ್ಲ? ನನ್ನ ತಮ್ಮನಿಗೆ ಸ್ಟೆಂಟ್ ಇದೆ. ಹಲ್ಲು ಕೀಳಿಸುವಾಗ ನಿಲ್ಲಿಸಿದ್ದರು.

ಹಳೇ ಟಾರ್ಚು

ದಯವಿಟ್ಟು ಬೇಡ. ಸ್ಟೆಂಟ್ ಇದ್ದವರು ತಾವಾಗಿ ನಿಲ್ಲಿಸಿದರೆ ಹೃದಯಕ್ಕೇ ಅಪಾಯ. ಪೊರೆ ಆಪರೇಷನ್ನಿನಲ್ಲಿ ರಕ್ತ ಹೋಗೋದೇ ಬಹಳ ಕಡಿಮೆ, ಅನೇಕ ಡಾಕ್ಟರು ನಿಲ್ಲಿಸದೆಯೇ ಮಾಡುತ್ತಾರೆ. ಇಂಜೆಕ್ಷನ್ ಬದಲು ಬರೀ ಡ್ರಾಪ್ಸಲ್ಲಿ ಮರಗಟ್ಟಿಸಿ ಮಾಡುವ ದಾರಿಯೂ ಇದೆ. ಕೆಲವರು ನಿಲ್ಲಿಸಿ ಅಂತಲೂ ಹೇಳುತ್ತಾರೆ. ಅದನ್ನ ಹೃದಯದ ಡಾಕ್ಟರು ಮತ್ತು ಕಣ್ಣಿನ ಡಾಕ್ಟರು ತೀರ್ಮಾನಿಸಬೇಕು. ಕರಪತ್ರದಲ್ಲಿ ‘ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ’ ಅಂತ ಒಂದು ಸಾಲು ಸಾಕು.

ರವಿ ಹೊದಿಗೆರೆ

ಇಷ್ಟೆಲ್ಲ ಬರೆದರೆ ಯಾರು ಓದ್ತಾರೆ? ಕರಪತ್ರ ಪುಸ್ತಕ ಆಗುತ್ತೆ. ಜನಕ್ಕೆ ಬೇಕಾದ್ದು ಯಾವಾಗ, ಎಲ್ಲಿ, ಫ್ರೀನಾ ಅನ್ನೋದಷ್ಟೇ.

ಇನ್ನೊಂದು ಕೇಳಬೇಕು, ಬೇಜಾರಾಗಬೇಡಿ. ಈ ಆಸ್ಪತ್ರೆಯವರು ನಂಬರಿಗೋಸ್ಕರ ಸಿಕ್ಕಸಿಕ್ಕವರನ್ನ ತುಂಬಿಕೊಂಡು ಹೋಗ್ತಾರೆ. ಶಿಬಿರದಲ್ಲಿ ಆಪರೇಷನ್ ಮಾಡಿಸಿ ಸೋಂಕಾಗಿ ಕಣ್ಣು ಕಳಕೊಂಡವರ ಸುದ್ದಿ ಪೇಪರಲ್ಲಿ ಬಂದಿದೆ. ಏನಾದ್ರೂ ಆದ್ರೆ ಊರಲ್ಲಿ ಮುಖ ತೋರಿಸೋಕಾಗುತ್ತಾ ಮಂಜಣ್ಣ?

ಮಂಜು ಚನ್ನಗಿರಿ

ಅದೇ ಭಯ ನನಗೂ ಇದೆ ರವಿ. ಮೋದಿ ಡಾಕ್ಟರ ಥರ ಶಾಲೆಯಲ್ಲೇ ಆಪರೇಷನ್ ಮಾಡೋದಾದ್ರೆ ನಾನು ಒಪ್ತಿರಲಿಲ್ಲ.

ಹಳೇ ಟಾರ್ಚು

ಶಾಲೆಯಲ್ಲಿ, ಶಾಮಿಯಾನದಲ್ಲಿ ಆಪರೇಷನ್ ಮಾಡೋದಕ್ಕೆ ಈಗ ಅವಕಾಶ ಇಲ್ಲ. ಆಸ್ಪತ್ರೆಯ ಥಿಯೇಟರಲ್ಲೇ ಆಗಬೇಕು. ಆದರೂ ರವಿ ಕೇಳಿದ್ದು ಕೇಳಲೇಬೇಕಾದ್ದು. ಸೋಂಕು ಅಪರೂಪ, ಆದರೆ ಎಂಥ ಆಸ್ಪತ್ರೆಯಲ್ಲೂ ಆಗಬಹುದು. ಬೇಗ ಹಿಡಿದರೆ ಕಣ್ಣು ಉಳಿಸೋ ಸಾಧ್ಯತೆ ಇರುತ್ತದೆ, ತಡವಾದಷ್ಟೂ ಅದು ಕಷ್ಟ.

ಆಪರೇಷನ್ ಆದ ಮಾರನೇ ದಿನ ಪಟ್ಟಿ ಬಿಚ್ಚುತ್ತಾರೆ. ಒಂದಿಷ್ಟು ಚುಚ್ಚಿದ ಹಾಗೆ, ನೀರು, ಸ್ವಲ್ಪ ಕೆಂಪು ಇರುತ್ತದೆ. ಅದು ದಿನೇ ದಿನೇ ಕಡಿಮೆಯಾಗಬೇಕು. ಮನೆಗೆ ಬಂದ ಎರಡು ಮೂರು ದಿನಕ್ಕೆ ನೋವು ಜಾಸ್ತಿಯಾದರೆ, ಕಾಣುತ್ತಿದ್ದದ್ದು ಮತ್ತೆ ಮಬ್ಬಾದರೆ, ರೆಪ್ಪೆ ಊದಿ ಕೀವು ಬಂದರೆ ಅದು ಸೋಂಕಿನ ಲಕ್ಷಣ. ಆಗ ಅಜ್ಜಿ ಏನು ಮಾಡುತ್ತಾರೆ ಗೊತ್ತಾ? ‘ಮುಂದಿನ ವಾರ ಚೆಕಪ್ ಇದೆಯಲ್ಲ, ಆಗ ಹೇಳಿದರಾಯ್ತು’ ಅಂತ ಸುಮ್ಮನಿರುತ್ತಾರೆ. ಕಣ್ಣು ಹೋಗೋದು ಆ ಒಂದು ವಾರದಲ್ಲಿ. ಅದಕ್ಕೆ ಮಂಜು, ಆಸ್ಪತ್ರೆಯವರ ಹತ್ತಿರ ಮೂರು ವಿಷಯ ಮಾತಾಡಿಕೊಳ್ಳಿ. ಮನೆಗೆ ಬಂದ ಮೇಲೆ ರಾತ್ರಿ ಹೊತ್ತು ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಅಲ್ಲಿಗೆ ಹೋಗೋಕೆ ಗಾಡಿ ಯಾರದ್ದು, ಒಂದು ವಾರದ ಮತ್ತು ತಿಂಗಳ ಮೇಲಿನ ಚೆಕಪ್ಪಿಗೆ ಅವರು ಊರಿಗೆ ಬರುತ್ತಾರೋ ಇವರೇ ಹೋಗಬೇಕೋ. ಇದಕ್ಕೆ ನೇರ ಉತ್ತರ ಕೊಡದ ಆಸ್ಪತ್ರೆಯಾದರೆ ಬೇರೆಯವರನ್ನ ನೋಡಿ.

ಅಡಿಕೆ ತೋಟ

ಸಾರ್, ನಮ್ಮ ಕಡೆ ಈಗ ಕೊಯ್ಲು. ಅಮ್ಮ ಅಡಿಕೆ ಬೇಯಿಸೋ ಹಂಡೆ ಹತ್ತಿರಾನೇ ಇರ್ತಾರೆ. ಆಪರೇಷನ್ ಆಗಿ ಎಷ್ಟು ದಿನಕ್ಕೆ ಕೆಲಸಕ್ಕೆ ಇಳೀಬಹುದು?

ಹಳೇ ಟಾರ್ಚು

ಹಂಡೆಯ ಹೊಗೆ, ಹಬೆ, ಸಿಪ್ಪೆಯ ಧೂಳು ಒಂದೂ ಬೇಡ, ಕಡೇ ಪಕ್ಷ ಒಂದು ತಿಂಗಳು. ಭಾರ ಎತ್ತೋದು, ಬಗ್ಗಿ ಗುಡಿಸೋದೂ ಬೇಡ. ಡ್ರಾಪ್ಸ್ ಸುಮಾರು ಆರು ವಾರ, ವಾರ ವಾರಕ್ಕೆ ಕಡಿಮೆ ಮಾಡುತ್ತಾ ಹೋಗುತ್ತಾರೆ. ಚೆನ್ನಾಗಿ ಕಾಣುತ್ತಲ್ಲ ಅಂತ ನಡುವೆ ನಿಲ್ಲಿಸಬಾರದು. ಕಣ್ಣಿಗೆ ನೀರು ಬೀಳಬಾರದು, ಹಾಗಾಗಿ ತಲೆಗೆ ನೀರು ಹಾಕಿಕೊಳ್ಳೋದನ್ನ ಡಾಕ್ಟರು ಹೇಳುವವರೆಗೆ ಮುಂದೂಡಬೇಕು. ಅದಕ್ಕೇ ಶಿಬಿರದ ಹಿಂದಿನ ದಿನವೇ ತಲೆಸ್ನಾನ ಮುಗಿಸಿ ಬರಬೇಕು. ಬರುವಾಗ ಎಣ್ಣೆ, ಕಾಡಿಗೆ ಬೇಡ. ಒಡವೆ ಮನೆಯಲ್ಲೇ ಬಿಟ್ಟು ಬರಲಿ. ಕೊಯ್ಲು ಮುಗಿಯದೆ ಆಗಲ್ಲ ಅನ್ನುವುದಾದರೆ, ಪೊರೆ ತೀರಾ ಮಾಗದಿದ್ದರೆ, ತಪಾಸಣೆ ಈಗ ಮಾಡಿಸಿ ಆಪರೇಷನ್ ಸಂಕ್ರಾಂತಿ ಮೇಲೆ ಇಟ್ಟುಕೊಳ್ಳಬಹುದು. ಅದನ್ನ ನೋಡಿದ ಡಾಕ್ಟರೇ ಹೇಳಬೇಕು.

ಇನ್ನೊಂದು ನೆನಪಾಯಿತು. ತಪಾಸಣೆಗೆ ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕುತ್ತಾರೆ. ನಾಲ್ಕಾರು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಬೈಕ್ ಓಡಿಸಿಕೊಂಡು ಬಂದ ಯಜಮಾನರು ಓಡಿಸಿಕೊಂಡು ಹೋಗಬಾರದು. ಜೊತೆಗೆ ಒಬ್ಬರು ಇರಲೇಬೇಕು. ಕೆಮ್ಮು ಜೋರಾಗಿದ್ದರೆ, ರೆಪ್ಪೆ ಮೇಲೆ ಕುರುವಿದ್ದರೆ, ಕಾಲಲ್ಲಿ ಹುಣ್ಣಿದ್ದರೆ ಮೊದಲು ಅದು ವಾಸಿಯಾಗಲಿ. ಬಂದರೂ ಬಸ್ಸು ಹತ್ತಿಸಲ್ಲ.

ಗದಗಿನ ಗಿರಿಜಾ

ಜೋಡಿ ಬಂದವರನ್ನೂ ಬಸ್ಸಿನ್ಯಾಗ ಕರಕೊಂಡು ಹೋಗ್ತಾರೇನ್ರೀ? ವಯಸ್ಸಾದವರು ಒಬ್ಬರs ಹೋಗಾಕ ಅಂಜತಾರ. ನಮ್ಮವ್ವ ಅಂತೂ ನಾ ಇಲ್ಲದ ಹೋಗೂದಿಲ್ಲ.

ಮಂಜು ಚನ್ನಗಿರಿ

ಬಸ್ಸಲ್ಲಿ ರೋಗಿಗಳಿಗೆ ಮಾತ್ರ ಸೀಟು ಅಂದಿದ್ದಾರೆ. ಅಲ್ಲಿ ನರ್ಸಮ್ಮನವರು ನೋಡಿಕೊಳ್ಳುತ್ತಾರಂತೆ. ನಮ್ಮ ಹುಡುಗರು ಇಬ್ಬರು ಜೊತೆಗೆ ಹೋಗೋದು ಅಂತ ಮಾತಾಗಿದೆ. ಒಬ್ಬೊಬ್ಬ ರೋಗಿಗೂ ಒಬ್ಬೊಬ್ಬರು ಬಂದ್ರೆ ಇನ್ನೊಂದು ಬಸ್ಸು ಬೇಕು, ದುಡ್ಡು ಸಾಲಲ್ಲ.

ಶಾರದಾ ದಾವಣಗೆರೆ

ಹೆಣ್ಣುಮಕ್ಕಳ ಜೊತೆ ಒಬ್ಬ ಹೆಂಗಸಾದರೂ ಹೋಗಲಿ ಮಂಜು. ರಾತ್ರಿ ಪಟ್ಟಿ ಕಟ್ಟಿಕೊಂಡು ಬಚ್ಚಲಿಗೆ ಹೋಗಬೇಕಾದರೆ ನಿಮ್ಮ ಹುಡುಗರನ್ನ ಕರೆಯೋಕಾಗುತ್ತಾ?

ಮಂಜು ಚನ್ನಗಿರಿ

ಅದು ಹೊಳೆದಿರಲಿಲ್ಲ ಅಕ್ಕ. ಆಶಾ ಕಾರ್ಯಕರ್ತೆಯರನ್ನ ಕೇಳಿ ನೋಡ್ತೀನಿ.

ರವಿ ಹೇಳಿದ ಹಾಗೆ ಉದ್ದವಾಗಬಾರದು ಅಂತ ಇಷ್ಟಕ್ಕೆ ತಂದಿದ್ದೀನಿ. ಆಪರೇಷನ್ ಆದ ಮೇಲಿನದ್ದನ್ನ ಬೇರೆ ಚೀಟಿಯಲ್ಲಿ ಹಾಕಿ, ಬಸ್ಸಿಂದ ಇಳಿಯುವಾಗ ಮನೆಯವರ ಕೈಗೇ ಕೊಡೋಣ ಅಂತ.

> ಉಚಿತ ಕಣ್ಣಿನ ಪೊರೆ ತಪಾಸಣೆ
> (ಮಂಡಿ, ಹೊಟ್ಟೆ, ಕೆಮ್ಮಿಗೆ ಇಲ್ಲಿ ಔಷಧಿ ಇಲ್ಲ)
> ಭಾನುವಾರ ಬೆಳಿಗ್ಗೆ 8ರಿಂದ 1, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಚನ್ನಗಿರಿ
>
> ಐವತ್ತು ದಾಟಿದವರು ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ. ನಾಲ್ಕು ಹೆಜ್ಜೆ ದೂರದ ಬೆರಳು ಎಣಿಸಲು ಆಗದಿದ್ದರೆ, ಅಕ್ಕಿಯ ಕಲ್ಲು ಕಾಣದಿದ್ದರೆ, ರಾತ್ರಿ ಎದುರಿನ ಲೈಟಿಗೆ ಕಣ್ಣು ಕುಕ್ಕಿದರೆ ತಪ್ಪದೆ ಬನ್ನಿ.
>
> ತಿಂಡಿ ತಿಂದು, ದಿನದ ಮಾತ್ರೆ ತೆಗೆದುಕೊಂಡು ಬನ್ನಿ. ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಹಿಂದಿನ ದಿನ ತಲೆಸ್ನಾನ ಮಾಡಿ.
>
> ತರಬೇಕಾದದ್ದು: ಮನೆಯಲ್ಲಿರುವ ಎಲ್ಲ ಮಾತ್ರೆ ಮತ್ತು ಹಳೇ ಚೀಟಿ (ಮೂತ್ರದ ಮಾತ್ರೆ ಸಹ), ಹಳೇ ಕನ್ನಡಕ, ಆಧಾರ್ ಮತ್ತು ರೇಷನ್ ಕಾರ್ಡ್ ಒರಿಜಿನಲ್ ಹಾಗೂ ಜೆರಾಕ್ಸ್, ಮನೆಯವರ ಫೋನ್ ನಂಬರು, ಮೂರು ದಿನದ ಬಟ್ಟೆ. ಒಡವೆ ಬೇಡ. ಜೊತೆಗೆ ಒಬ್ಬರು ಬನ್ನಿ.
>
> ಕಣ್ಣು ನೋವು, ಕೆಂಪು, ಪೆಟ್ಟು, ದಿಢೀರ್ ಕುರುಡು ಇದ್ದರೆ ಶಿಬಿರಕ್ಕೆ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ.

ಹಳೇ ಟಾರ್ಚು

ಇದು ಅಚ್ಚಿಗೆ ಹೋಗಬಹುದು. ‘ಸದುಪಯೋಗ ಪಡೆದುಕೊಳ್ಳಬೇಕಾಗಿ’ ತೆಗೆದದ್ದು ಒಳ್ಳೇದಾಯ್ತು. ಸಾಧ್ಯವಾದರೆ ‘ಮಾತ್ರೆ’ ಅನ್ನೋ ಅಕ್ಷರ ಆಧಾರಿಗಿಂತ ದಪ್ಪಗೆ ಬರಲಿ.

ರವಿ ಹೊದಿಗೆರೆ

ಎಪಿಎಲ್ ಬಗ್ಗೆ ಏನೂ ಬರೆದಿಲ್ಲ.

ಮಂಜು ಚನ್ನಗಿರಿ

ನಾಳೆ ಬೆಳಿಗ್ಗೆ ಆಸ್ಪತ್ರೆಗೇ ಹೋಗಿ ಕೂತು ಬರೆಸಿಕೊಂಡು ಬರ್ತೀನಿ. ರಾತ್ರಿ ಫೋನಿನ ನಂಬರೂ ಅಲ್ಲೇ ಕೇಳ್ತೀನಿ. ಅವೆರಡೂ ಸಿಗೋವರೆಗೆ ಪ್ರೆಸ್ಸಿಗೆ ಕೊಡಲ್ಲ.

ಗೌರಮ್ಮನ ಮೊಮ್ಮಗ

ಅಜ್ಜಿಗೆ ಬೆರಳು ತೋರಿಸಿ ನೋಡಿದೆ. ಬಲಗಣ್ಣಲ್ಲಿ ಹೇಳಿದ್ರು, ಎಡಗಣ್ಣಲ್ಲಿ ‘ಕೈಯೇ ಕಾಣ್ತಿಲ್ವಲ್ಲೋ’ ಅಂದ್ರು. ಇಷ್ಟು ದಿನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಂಡಿ ನೋವಿದೆ, ಶಾಲೆ ಮೆಟ್ಟಿಲು ಹತ್ತೋಕಾಗಲ್ಲ. ಕುರ್ಚಿಯಲ್ಲಿ ಎತ್ತಿಕೊಂಡು ಬಂದ್ರೆ ಒಳಗೆ ಬಿಡ್ತಾರಾ?

ಮಂಜು ಚನ್ನಗಿರಿ

ಬಾ, ಎತ್ತೋಕೆ ನಾವಿದ್ದೀವಿ. ರಿಜಿಸ್ಟ್ರೇಷನ್ ಟೇಬಲ್ಲನ್ನೇ ಮೆಟ್ಟಿಲ ಕೆಳಗೆ ಹಾಕಿಸ್ತೀನಿ.